ಸರಾಸರಿ ಎಲ್ಲಿಗೆ ಹೋಗಿ ನಿಲ್ಲುತ್ತದೆ?

ಕೇಳುಗರಿಗೆ ನಮಸ್ಕಾರ. ಕಾಗದ, ಪೆನ್ಸಿಲ್ಲು ಕೈಗೆ ಸಿಗುವಂತಿದ್ದರೆ ಹತ್ತಿರ ಇಟ್ಟುಕೊಳ್ಳಿ.

ಒಂದು ಅನುಕ್ರಮ ಬರೆಯೋಣ. ಮೊದಲ 100 ಪದಗಳು ಒಂದೊಂದೂ 1000. ಅಲ್ಲಿಂದ ಮುಂದೆ ಎಲ್ಲವೂ 5. ಇದರ ಮಿತಿ 5, ಅನುಮಾನವಿಲ್ಲ. ಈಗ ಪ್ರತಿ ಹೆಜ್ಜೆಯಲ್ಲೂ ಅಲ್ಲಿಯವರೆಗಿನ ಪದಗಳ ಸರಾಸರಿ ತೆಗೆಯುತ್ತಾ ಹೋಗಿ. ಅದೂ 5ಕ್ಕೇ ಬರುತ್ತದೆಯೇ?

ಬರುತ್ತದೆ, ಆದರೆ ಆಮೆಯ ನಡಿಗೆಯಲ್ಲಿ. ಮೊದಲ ನೂರು ಪದಗಳು ಒಂದೊಂದೂ 5ಕ್ಕಿಂತ 995 ಹೆಚ್ಚು; ಒಟ್ಟು ಹೆಚ್ಚುವರಿ 99,500. ಈ ಹೊರೆ ಮುಂದೆ ಬೆಳೆಯುವುದಿಲ್ಲ, ಅದನ್ನು ಹಂಚಿಕೊಳ್ಳುವ ಪದಗಳು ಮಾತ್ರ ಹೆಚ್ಚುತ್ತವೆ. ಸಾವಿರ ಪದಗಳಾದಾಗ ಸರಾಸರಿ 104.5, ಒಂದು ಲಕ್ಷವಾದಾಗ 5.995. ಮಿತಿಯಿಂದ 0.01ರಷ್ಟು ಸಮೀಪ ಬರಲು 99 ಲಕ್ಷ 50 ಸಾವಿರ ಪದ ಬೇಕು. ಕಂಪ್ಯೂಟರಿನಲ್ಲಿ ಸಾವಿರ ಪದ ನೋಡಿ "ಇದು 5ಕ್ಕೆ ಹೋಗುತ್ತಿಲ್ಲ" ಎಂದು ತೀರ್ಮಾನಿಸುವವರು ಎಡವುವುದು ಇಲ್ಲೇ.

ಯಾವ ಅನುಕ್ರಮ ಒಂದು ಮಿತಿಗೆ ಹೋದರೂ ಅದರ ಸರಾಸರಿ ಅದೇ ಮಿತಿಗೆ ಹೋಗುತ್ತದೆ. ಇದರ ಸಾಧನೆಯೂ ಇದೇ ಲೆಕ್ಕದ ಜಾಡಿನಲ್ಲಿದೆ. ಯಾವುದೋ ಒಂದು ಪದದ ನಂತರ ಎಲ್ಲವೂ ಮಿತಿಗೆ ನಿಮಗೆ ಬೇಕಾದಷ್ಟು ಹತ್ತಿರ ಇರುತ್ತವೆ, ಆದ್ದರಿಂದ ಅವುಗಳ ಪಾಲಿನ ದೋಷ ಚಿಕ್ಕದು. ಅದಕ್ಕೆ ಮೊದಲಿನವುಗಳ ಒಟ್ಟು ದೋಷ ಸ್ಥಿರ. ಭಾಜಕ ಬೆಳೆದಂತೆ ಅದು ಕರಗುತ್ತದೆ. ಇದರ ವಿಲೋಮ ಮಾತ್ರ ನಿಜವಲ್ಲ. 1, 0, 1, 0 ಎಂದು ಬರೆಯುತ್ತಾ ಹೋದರೆ ಸರಾಸರಿ ಅರ್ಧಕ್ಕೆ ಹೋಗುತ್ತದೆ, ಅನುಕ್ರಮ ಎಲ್ಲಿಗೂ ಹೋಗುವುದಿಲ್ಲ.

ಈಗ ಭಾಜಕವನ್ನು ಗಮನಿಸಿ. ಪದಗಳ ಸಂಖ್ಯೆಯೆಂದರೆ ಒಂದೊಂದಾಗಿ ಕೂಡಿದ 1ಗಳ ಮೊತ್ತ. ಆ 1ಗಳ ಜಾಗದಲ್ಲಿ ಬೇರೆ ಧನ ಸಂಖ್ಯೆಗಳನ್ನು ಇಟ್ಟರೆ? ಅವುಗಳ ಮೊತ್ತ ಅನಂತಕ್ಕೆ ಏರುತ್ತಿದ್ದು, ಭಾಗಾಕಾರದಲ್ಲಿ ಮೇಲೆ ಕೂಡುವ ಪದ ಮತ್ತು ಕೆಳಗೆ ಕೂಡುವ ಪದಗಳ ಅನುಪಾತ ಒಂದು ಮಿತಿಗೆ ಹೋದರೆ, ಮೊತ್ತಗಳ ಅನುಪಾತವೂ ಅದೇ ಮಿತಿಗೆ ಹೋಗುತ್ತದೆ. ಇದು ಸ್ಟೋಲ್ಟ್ಸ್–ಚೆಸಾರೊ ಪ್ರಮೇಯ.

ಒಂದು ಲೆಕ್ಕ ಮಾಡೋಣ. 1ರಿಂದ nವರೆಗಿನ ವರ್ಗಮೂಲಗಳ ಮೊತ್ತವನ್ನು n√nನಿಂದ ಭಾಗಿಸಿದರೆ ಏನು ಬರುತ್ತದೆ? n√n ಅನಂತಕ್ಕೆ ಏರುತ್ತದೆ, ಸರಿ. ಅದು ಒಂದು ಹೆಜ್ಜೆಯಲ್ಲಿ ಎಷ್ಟು ಏರುತ್ತದೆ ನೋಡಿ: n√n − (n−1)√(n−1). ಮೇಲಿನ ಮೊತ್ತ ಅದೇ ಹೆಜ್ಜೆಯಲ್ಲಿ ಏರುವುದು √n. ವ್ಯತ್ಯಾಸವನ್ನು ಅದೇ ಎರಡು ಪದಗಳ ಮೊತ್ತದಿಂದ ಗುಣಿಸಿ ಭಾಗಿಸಿದರೆ ಅಂಶದಲ್ಲಿ 3n² − 3n + 1, ಛೇದದಲ್ಲಿ ಸುಮಾರು 2n√n ಉಳಿಯುತ್ತವೆ. √n ಅನ್ನು ಇದರಿಂದ ಭಾಗಿಸಿದಾಗ ಸಿಗುವುದು ಸುಮಾರು 2n² ಭಾಗಿಸು 3n², ಅಂದರೆ ಮಿತಿ 2/3. n ನೂರಾದಾಗ ನಿಜವಾದ ಬೆಲೆ 0.6715, ಲೆಕ್ಕ ತಾಳೆಯಾಗುತ್ತದೆ.

ಛೇದದ ಮೊತ್ತ ಅನಂತಕ್ಕೆ ಏರಬೇಕೆಂಬ ಷರತ್ತು ಬಿಟ್ಟರೆ ಎಲ್ಲ ಕುಸಿಯುತ್ತದೆ. ಕೆಳಗೆ 1/2, 1/4, 1/8 ಎಂದು ಕೂಡುತ್ತಾ ಹೋಗಿ. ಮೊತ್ತ 1ಕ್ಕೆ ನಿಲ್ಲುತ್ತದೆ. ಮೇಲೆಯೂ ಅವೇ ಪದಗಳು, ಮೊದಲನೆಯದು ಮಾತ್ರ 5. ಎರಡನೆಯ ಪದದಿಂದಾಚೆ ಪದಗಳ ಅನುಪಾತ ಸದಾ 1. ಆದರೂ ಮೊತ್ತಗಳ ಅನುಪಾತ ಹೋಗುವುದು 5.5ಕ್ಕೆ. ಮೊದಲ ಪದದ ಹೆಚ್ಚುವರಿ 4.5 ಕರಗಲು ಕೆಳಗೆ ಬೆಳೆಯುವ ಭಾಜಕವೇ ಇಲ್ಲ.