ಮರುಮದುವೆಯಾದ ಮೇಲೆ ಮೊದಲ ಗಂಡನ ಜಮೀನು

ಕೇಳುಗರಿಗೆ ನಮಸ್ಕಾರ. "ಅವಳು ಬೇರೆ ಮದುವೆ ಆದಳಲ್ಲ, ಇನ್ನೇನು ಪಾಲು?" ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಈ ಮಾತನ್ನು ಕಾನೂನೇ ಎಂಬಂತೆ ಹೇಳುತ್ತಾರೆ. ಒಂದು ಕಾಲದಲ್ಲಿ ಅದು ಕಾನೂನೇ ಆಗಿತ್ತು. 1856ರ ವಿಧವಾ ಪುನರ್ವಿವಾಹ ಕಾಯ್ದೆ ಮದುವೆಗೆ ಅನುಮತಿ ಕೊಟ್ಟು, ಗಂಡನ ಆಸ್ತಿಯನ್ನು ಕಿತ್ತುಕೊಳ್ಳುತ್ತಿತ್ತು. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆ ಮಾತಿಗೆ ಬಲವಿಲ್ಲ. ಹಳೆಯ ಕಾಯ್ದೆಯೂ 1983ರಲ್ಲಿ ರದ್ದಾಯಿತು.

ಕಾರಣ ಸರಳ. ಉಯಿಲು ಬರೆಯದೆ ಗಂಡ ತೀರಿಕೊಂಡ ಕ್ಷಣದಲ್ಲೇ ಹೆಂಡತಿಯ ಪಾಲು ಅವಳದಾಗುತ್ತದೆ, ಅದೂ ಪೂರ್ಣ ಒಡೆತನದಲ್ಲಿ. ಹಾಗೆ ಬಂದದ್ದನ್ನು ಆಮೇಲಿನ ಮದುವೆ ಹಿಂದಕ್ಕೆ ಪಡೆಯುವುದಿಲ್ಲ. ಸುಪ್ರೀಂ ಕೋರ್ಟ್ 2008ರಲ್ಲಿ ಇದನ್ನೇ ಹೇಳಿದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಗಂಡನ ಸ್ವಂತ ಗಳಿಕೆಯ ಎರಡು ಎಕರೆ ಗದ್ದೆ. ಅವನ ಹಿಂದೆ ತಾಯಿ, ಹೆಂಡತಿ, ಒಬ್ಬ ಮಗ, ಒಬ್ಬ ಮಗಳು ಇದ್ದಾರೆ. ಎಂಬತ್ತು ಗುಂಟೆ ನಾಲ್ಕು ಪಾಲಾಗಿ, ತಲೆಗೆ ಇಪ್ಪತ್ತು ಗುಂಟೆ ಬರುತ್ತದೆ. ಎರಡು ವರ್ಷದ ಮೇಲೆ ಹೆಂಡತಿ ಮರುಮದುವೆಯಾದರೂ ಅವಳ ಇಪ್ಪತ್ತು ಗುಂಟೆ ಹಾಗೇ ಇರುತ್ತದೆ. ಗದ್ದೆ ಪಿತ್ರಾರ್ಜಿತವಾದರೆ ಮೊದಲು ಗಂಡನ ಪಾಲೆಷ್ಟೆಂದು ಗೊತ್ತುಮಾಡಿ, ಅಷ್ಟನ್ನೇ ಹೀಗೆ ಹಂಚಬೇಕು. ಮಾವನ ಹೆಸರಲ್ಲೇ ಉಳಿದಿರುವ ಸ್ವಯಾರ್ಜಿತ ಜಮೀನು ಗಂಡನ ಆಸ್ತಿಯಲ್ಲ, ಅದು ಬೇರೆ ಪ್ರಶ್ನೆ. ಮಾವನಿಂದ ಸಿಗಬೇಕಾದ ಜೀವನಾಂಶ ಮಾತ್ರ ಮರುಮದುವೆಯೊಂದಿಗೆ ನಿಲ್ಲುತ್ತದೆ. ಇದನ್ನೇ ಆಸ್ತಿಗೂ ಅನ್ವಯಿಸಿ ಹೆದರಿಸುತ್ತಾರೆ.

ಎಡವಟ್ಟಾಗುವುದು ಪೌತಿ ಖಾತೆಯ ಹಂತದಲ್ಲಿ, ಅಂದರೆ ತೀರಿಕೊಂಡವನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವಾಗ. ವಂಶವೃಕ್ಷದಲ್ಲಿ ಅವಳ ಹೆಸರು ಬಿಟ್ಟು, ಉಳಿದವರ ಹೆಸರಿಗೆ ಖಾತೆ ಮಾಡಿಸಿಬಿಡುತ್ತಾರೆ. ನೀವು ಹೊಸ ಪಹಣಿ ಮತ್ತು ಮ್ಯುಟೇಶನ್ ಪ್ರತಿ ತೆಗೆಸಿ ನೋಡಿ. ಖಾತೆ ಇನ್ನೂ ಆಗಿರದಿದ್ದರೆ, ನೋಟಿಸಿನ ಅವಧಿಯೊಳಗೆ ತಹಶೀಲ್ದಾರರ ಕಚೇರಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಆಗಿಹೋಗಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬೇಕು. ಆದರೆ ಪಹಣಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಒಡೆತನ ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಅಲ್ಲಿ ವಿಭಾಗ ದಾವೆ ಹೂಡಿ, ಜಮೀನು ಮಾರದಂತೆ ತಾತ್ಕಾಲಿಕ ತಡೆಯಾಜ್ಞೆಯನ್ನೂ ಕೇಳಬಹುದು.

ಮದುವೆ ಹೊತ್ತಿನಲ್ಲಿ "ಪಾಲು ಬೇಡ" ಎಂದು ಊರ ಹಿರಿಯರ ಮುಂದೆ ಛಾಪಾ ಕಾಗದಕ್ಕೆ ಸಹಿ ಹಾಕಿಸುವುದುಂಟು. ನೋಂದಣಿಯಾಗದ ಅಂಥ ಕಾಗದದಿಂದಲೇ ಜಮೀನಿನ ಹಕ್ಕು ಕೈಬದಲಾಗದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬರೆದುಕೊಟ್ಟ ಹಕ್ಕು ಬಿಡುಗಡೆ ಪತ್ರ ಹಾಗಲ್ಲ, ಅದನ್ನು ಆಮೇಲೆ ಬಿಡಿಸಿಕೊಳ್ಳುವುದು ಬಹಳ ಕಷ್ಟ. ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಲೇಬೇಡಿ, ತಾಯಂದಿರೇ.

ಇನ್ನೊಂದು ತೊಡಕು ಹೆಸರಿನದು. ಆಧಾರ್‌ನಲ್ಲಿ ಈಗಿನ ಗಂಡನ ಹೆಸರಿದ್ದರೆ, ದಾಖಲೆಯಲ್ಲಿ "ಕೋಂ" ಎಂದು ಬರೆದಿರುವ ಮೊದಲ ಗಂಡನ ಹೆಸರಿಗೆ ತಾಳೆಯಾಗುವುದಿಲ್ಲ. ಅರ್ಜಿಯ ಜೊತೆ ಮೊದಲ ಗಂಡನ ಮರಣ ಪ್ರಮಾಣಪತ್ರ, ಮೊದಲ ಮದುವೆಗೆ ಪುರಾವೆಯಾಗುವ ಹಳೆಯ ಪಡಿತರ ಚೀಟಿ ಅಥವಾ ಮತದಾರರ ಚೀಟಿ ಇಡಿ. ಎರಡೂ ಕಡೆ ಇರುವವಳು ಒಬ್ಬಳೇ ಎಂಬ ಪ್ರಮಾಣಪತ್ರವನ್ನು ನೋಟರಿಯಿಂದ ಮಾಡಿಸಿ ಅದಕ್ಕೆ ಸೇರಿಸಿ.