ತಪ್ಪು ಉತ್ತರವೂ ಮಾತಾಡಬೇಕು: ಏಳನೇ ಕ್ಲಾಸಿಗೆ ಸುತ್ತಳತೆ, ವಿಸ್ತೀರ್ಣದ ವರ್ಕ್‌ಶೀಟ್

ಇವತ್ತು ಭಾನುವಾರ, ಬೆಳಿಗ್ಗೆ ಏಳೂವರೆ. ಮೇಜಿನ ಮೇಲೆ ಬಿಳಿ ಹಾಳೆ, ಸ್ಕೇಲು, ಪೆನ್ಸಿಲ್, ಪಕ್ಕದಲ್ಲಿ ಕಾಫಿ. ನಾಳೆ ನನ್ನ ಏಳನೇ ಕ್ಲಾಸಿನ ಮಕ್ಕಳಿಗೆ ಸುತ್ತಳತೆ ಮತ್ತು ವಿಸ್ತೀರ್ಣದ ವರ್ಕ್‌ಶೀಟ್ ಕೊಡಬೇಕು. ಮೂರು ಹಂತ, ಒಟ್ಟು ಹತ್ತು ಪ್ರಶ್ನೆ, ಎಲ್ಲಕ್ಕೂ ಬಿಡಿಸಿದ ಉತ್ತರ. ಅಕ್ಕನ ಮಗಳು ನಮ್ಮನೆಗೆ ಬಂದಿದ್ದಾಳೆ. ಅವಳೂ ಏಳನೇ ಕ್ಲಾಸು. ಹಾಗಾಗಿ ಮೊದಲು ಲೆಕ್ಕ ಮಾಡಿ ನೋಡುವವಳು ಅವಳೇ.

ಹಾಳೆಯ ಮೇಲೆ ಮೊದಲು ಪ್ರಶ್ನೆ ಬರೆಯಲಿಲ್ಲ, ನೋಡಿ. ಬರೀ ಸಂಖ್ಯೆಗಳನ್ನು ಬರೆದು ಕೆಲವನ್ನು ಹೊಡೆದು ಹಾಕಿದ್ದೇನೆ. ಅದಕ್ಕೆ ಒಂದು ಕಾರಣ ಇದೆ.

ಹೋದ ವರ್ಷ ಒಂದು ಆಯತ ಕೊಟ್ಟಿದ್ದೆ. ಉದ್ದ 6 ಸೆಂ.ಮೀ., ಅಗಲ 3 ಸೆಂ.ಮೀ., ವಿಸ್ತೀರ್ಣ ಕಂಡುಹಿಡಿಯಿರಿ. ಕ್ಲಾಸಿನಲ್ಲಿ ಹೆಚ್ಚುಕಡಿಮೆ ಎಲ್ಲರೂ 18 ಅಂತ ಬರೆದಿದ್ದರು. ನನಗೆ ತುಂಬಾ ಖುಷಿಯಾಯಿತು. ಮುಂದಿನ ವಾರ ಬೇರೆ ಅಳತೆಯ ಆಯತ ಕೊಟ್ಟೆ. ಅರ್ಧಕ್ಕರ್ಧ ಮಕ್ಕಳು ವಿಸ್ತೀರ್ಣ ಕೇಳಿದರೆ ಸುತ್ತಳತೆ ಬರೆದಿದ್ದರು. ಆಗ ಹಳೇ ಹಾಳೆ ತೆಗೆದು ನೋಡಿದೆ. 6 ಮತ್ತು 3 ಗುಣಿಸಿದರೆ 18. ನಾಲ್ಕು ಬಾಹು ಕೂಡಿಸಿದರೂ 6, 3, 6, 3, ಅಂದರೆ 18! ಮಗು ಯಾವ ದಾರಿಯಲ್ಲಿ ಬಂತು ಅಂತ ಆ ಉತ್ತರ ಹೇಳುವುದೇ ಇಲ್ಲ. 4 ಸೆಂ.ಮೀ. ಬಾಹುವಿನ ಚೌಕದ್ದೂ ಇದೇ ಕಥೆ. ಸುತ್ತಳತೆಯೂ 16, ವಿಸ್ತೀರ್ಣವೂ 16.

ಲಂಬಕೋನ ತ್ರಿಭುಜದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ನಮಗೆಲ್ಲ ಬಾಯಿಗೆ ಬರುವ ಅಳತೆಗಳೇ ತೊಂದರೆ ಕೊಡುತ್ತವೆ. 6, 8, 10 ತೆಗೆದುಕೊಂಡರೆ ಸುತ್ತಳತೆ 24, ವಿಸ್ತೀರ್ಣವೂ 24. 5, 12, 13 ತೆಗೆದುಕೊಂಡರೆ ಎರಡೂ 30. ಹೋಗಲಿ, 3, 4, 5 ಕೊಡೋಣ ಅಂದರೆ ವಿಸ್ತೀರ್ಣ 6, ಸುತ್ತಳತೆ 12. ಬೇರೆ ಬೇರೆ ಇದೆ, ಆದರೆ ಅರ್ಧ ಮಾಡಲು ಮರೆತ ಮಗುವಿಗೂ 3 ಗುಣಿಸು 4, ಅಂದರೆ 12 ಬರುತ್ತದೆ. ಆ 12 ಸುತ್ತಳತೆಯದೋ, ಅರ್ಧ ಮರೆತದ್ದೋ? ಗೊತ್ತಾಗಲ್ಲ. ಅದಕ್ಕೇ ಈ ಸಲ 9, 12, 15 ಆರಿಸಿದ್ದೇನೆ. ಸುತ್ತಳತೆ 36, ಅರ್ಧ ಮರೆತರೆ 108, ಸರಿಯಾದ ವಿಸ್ತೀರ್ಣ 54. ಮೂರೂ ಬೇರೆ. ಉತ್ತರ ನೋಡಿದ ತಕ್ಷಣ ಯಾವ ಮಗುವಿನ ಪಕ್ಕ ಕೂತು ಏನು ಹೇಳಬೇಕು ಅಂತ ಗೊತ್ತಾಗುತ್ತದೆ.

ಸರಿ, ಮೊದಲ ಹಂತ. ಇಲ್ಲಿ ನಾಲ್ಕು ಪ್ರಶ್ನೆ. 9 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಆಯತಕ್ಕೆ ಸುತ್ತಳತೆ 26 ಸೆಂ.ಮೀ., ವಿಸ್ತೀರ್ಣ 36 ಚದರ ಸೆಂ.ಮೀ. 7 ಸೆಂ.ಮೀ. ಬಾಹುವಿನ ಚೌಕಕ್ಕೆ 28 ಮತ್ತು 49. ಮೂರನೆಯದರಲ್ಲಿ ಸಂಖ್ಯೆಯೇ ಇಲ್ಲ. ಹಿತ್ತಿಲಿಗೆ ಮುಳ್ಳುತಂತಿ ಹಾಕಬೇಕು, ಗೋಡೆಗೆ ಬಣ್ಣ ಹೊಡೆಸಬೇಕು, ಸೆರಗಿನ ಅಂಚಿಗೆ ಲೇಸ್ ಹೊಲಿಯಬೇಕು, ಅಂಗಳಕ್ಕೆ ಸಗಣಿ ಸಾರಿಸಬೇಕು. ಯಾವುದಕ್ಕೆ ಅಂಚಿನ ಉದ್ದ ಸಾಕು, ಯಾವುದಕ್ಕೆ ವಿಸ್ತೀರ್ಣ ಬೇಕು, ಅಷ್ಟು ಬರೆದರೆ ಆಯಿತು. ನನ್ನ ಪ್ರಕಾರ ಈ ಹಂತದಲ್ಲಿ ಇದೇ ಮುಖ್ಯ ಪ್ರಶ್ನೆ. ಸಂಖ್ಯೆ ಕಂಡ ತಕ್ಷಣ ಮಕ್ಕಳ ಕೈ ಗುಣಿಸಲು ಓಡುತ್ತದೆ. ಸಂಖ್ಯೆ ಇಲ್ಲದಿದ್ದರೆ ಯೋಚಿಸಲೇಬೇಕು, ಅಲ್ವಾ?

ನಾಲ್ಕನೆಯದು ಹಿಂದಿನಿಂದ ಬರುವ ಲೆಕ್ಕ. ಆಯತದ ಸುತ್ತಳತೆ 30 ಸೆಂ.ಮೀ., ಉದ್ದ 9 ಸೆಂ.ಮೀ. ಅಗಲ ಎಷ್ಟು? ಒಂದು ಉದ್ದ, ಒಂದು ಅಗಲ ಸೇರಿದರೆ ಅರ್ಧ ಸುತ್ತು, ಅಂದರೆ 15. ಅದರಲ್ಲಿ 9 ಕಳೆದರೆ 6. ನೇರವಾಗಿ 30ರಲ್ಲಿ 9 ಕಳೆದು 21 ಬರೆಯುವವರಿಗೆ ಒಂದೇ ಮಾತು ಹೇಳುತ್ತೇನೆ: ಆ ಉತ್ತರ ಇಟ್ಟುಕೊಂಡು ಮತ್ತೆ ಸುತ್ತಿ ಬನ್ನಿ. 9, 21, 9, 21 ಸೇರಿ 60 ಆಗುತ್ತದೆ. ಅವರಿಗೇ ಗೊತ್ತಾಗುತ್ತದೆ.

ಎರಡನೇ ಹಂತಕ್ಕೆ ಬರೋಣ. ಇದಕ್ಕಾಗಿ ಒಂದು ಆಟದ ಸಾಮಾನು ಮಾಡಿದ್ದೇನೆ. ಪೊರಕೆ ಕಡ್ಡಿ, 8 ಸೆಂ.ಮೀ.ದು ಎರಡು, 5 ಸೆಂ.ಮೀ.ದು ಎರಡು. ಮೂಲೆಗಳಲ್ಲಿ ಸೈಕಲ್ ವಾಲ್ವ್ ಟ್ಯೂಬಿನ ತುಂಡು ಹಾಕಿ ಜೋಡಿಸಿದ್ದೇನೆ. ನೆಟ್ಟಗೆ ಇಟ್ಟರೆ ಆಯತ. ಸುತ್ತಳತೆ 26, ವಿಸ್ತೀರ್ಣ 40. ಈಗ ಮೇಲಿನ ಕಡ್ಡಿಯನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳುತ್ತೇನೆ. ವಾಲಿತು. ಸಮಾಂತರ ಚತುರ್ಭುಜ ಆಯಿತು. ಕಡ್ಡಿಗಳು ಅವೇ, ಹಾಗಾಗಿ ಸುತ್ತಳತೆ ಈಗಲೂ 26. ಇನ್ನೂ ತಳ್ಳುತ್ತೇನೆ. ಒಳಗಿನ ಜಾಗ ಕಮ್ಮಿಯಾಗುತ್ತಾ ಬಂದು, ಕೊನೆಗೆ ಕಡ್ಡಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಳಗೆ ಏನೂ ಉಳಿದಿಲ್ಲ. ಸುತ್ತಳತೆ ಮಾತ್ರ ಅದೇ 26!

ಅಕ್ಕನ ಮಗಳು ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕೈದು ಸಲ ತಳ್ಳಿ ನೋಡಿದಳು. ಆಮೇಲೆ ಕೇಳಿದಳು, "ಚಿಕ್ಕಮ್ಮ, ಹಾಗಾದ್ರೆ ಈ 5 ಯಾವ ಕೆಲಸಕ್ಕೂ ಬರಲ್ವಾ?"

ಸುತ್ತಳತೆಗೆ ಬರುತ್ತದೆ, ವಿಸ್ತೀರ್ಣಕ್ಕೆ ಬರುವುದಿಲ್ಲ. ವಿಸ್ತೀರ್ಣಕ್ಕೆ ಬೇಕಾದದ್ದು ಪಾದದಿಂದ ನೇರವಾಗಿ ಮೇಲಕ್ಕೆ ಅಳೆದ ಎತ್ತರ. ಎತ್ತರ 4 ಆಗುವಷ್ಟು ವಾಲಿಸಿದರೆ 8 ಗುಣಿಸು 4, 32 ಚದರ ಸೆಂ.ಮೀ. ಎಡಗಡೆ ಮೂಲೆಯ ತ್ರಿಭುಜ ಕತ್ತರಿಸಿ ಬಲಗಡೆ ಅಂಟಿಸಿದರೆ 8ಕ್ಕೆ 4ರ ಆಯತವೇ ಆಗುತ್ತದೆ. ಹಾಳೆಯಲ್ಲಿ 8, 5, 4 ಮೂರನ್ನೂ ಬೇಕಂತಲೇ ಬರೆದಿದ್ದೇನೆ. 40 ಬಂದರೆ ವಾಲಿದ ಬಾಹುವನ್ನೇ ಎತ್ತರ ಅಂದುಕೊಂಡಿದ್ದಾರೆ. 26 ಬಂದರೆ ಸುತ್ತಳತೆ ಮಾಡಿದ್ದಾರೆ. 160 ಬಂದರೆ ಕಂಡದ್ದನ್ನೆಲ್ಲ ಗುಣಿಸಿದ್ದಾರೆ.

ಇದರ ಮುಂದಿನ ಪ್ರಶ್ನೆ ಅದೇ ಚಿತ್ರಕ್ಕೆ. 5 ಸೆಂ.ಮೀ. ಬಾಹುವನ್ನು ಪಾದ ಮಾಡಿಕೊಂಡರೆ ಎತ್ತರ ಎಷ್ಟು? ಹಾಳೆಯನ್ನು ತಿರುಗಿಸಿದರೆ ಜಾಗ ಬದಲಾಗುವುದಿಲ್ಲ, ಅದು 32 ಆಗಿಯೇ ಇರುತ್ತದೆ. 32 ಭಾಗಿಸು 5, ಅಂದರೆ 6.4 ಸೆಂ.ಮೀ. ಸರಿಯಿದೆಯೇ ಅಂತ ನೋಡಲು ಒಂದು ದಾರಿ ಇದೆ. ಎತ್ತರ ಯಾವತ್ತೂ ವಾಲಿದ ಬಾಹುವಿಗಿಂತ ಜಾಸ್ತಿ ಆಗಬಾರದು. 4 ಎಂಬುದು 5ಕ್ಕಿಂತ ಕಮ್ಮಿ, 6.4 ಎಂಬುದು 8ಕ್ಕಿಂತ ಕಮ್ಮಿ. ಪ್ರಶ್ನೆ ಬರೆಯುವ ನಾವೂ ಇದನ್ನು ನೋಡಿಕೊಳ್ಳಬೇಕು. ವಾಲಿದ ಬಾಹು 5, ಎತ್ತರ 6 ಅಂತ ಬರೆದರೆ ಅಂಥ ಚಿತ್ರವೇ ಇರಲು ಸಾಧ್ಯವಿಲ್ಲ.

ಈ ಹಂತದ ಮೂರನೇ ಪ್ರಶ್ನೆ ಆಗಲೇ ಹೇಳಿದ 9, 12, 15ರ ತ್ರಿಭುಜ.

ಕಾಫಿ ಮುಗಿಯಿತು. ಮೂರನೇ ಹಂತ. ಮೊದಲನೆಯದು ಟೈಲ್ಸ್ ಲೆಕ್ಕ. ಕೋಣೆ 3 ಮೀಟರ್ ಉದ್ದ, 2.4 ಮೀಟರ್ ಅಗಲ. ಟೈಲ್ಸ್ 30 ಸೆಂ.ಮೀ. ಚೌಕ. ಎಷ್ಟು ಬೇಕು? ನೆಲ 7.2 ಚದರ ಮೀಟರ್. ಇಲ್ಲಿ ಮಕ್ಕಳು 100ರಿಂದ ಗುಣಿಸಿ 720 ಚದರ ಸೆಂ.ಮೀ. ಅಂತ ಬರೆಯುತ್ತಾರೆ. ಒಂದು ಟೈಲ್ಸೇ 900 ಚದರ ಸೆಂ.ಮೀ. ಇದೆ. ಹಾಗಾದರೆ ಇಡೀ ಕೋಣೆಗೆ ಒಂದು ಟೈಲ್ಸೂ ಬೇಡ ಅಂದಂತಾಯಿತು! ಒಂದು ಮೀಟರ್ ಚೌಕದಲ್ಲಿ ಉದ್ದಕ್ಕೂ 100, ಅಗಲಕ್ಕೂ 100, ಸೇರಿ 10,000 ಚದರ ಸೆಂ.ಮೀ. ಇರುತ್ತದೆ. ಆದ್ದರಿಂದ 72,000 ಭಾಗಿಸು 900, ಅಂದರೆ 80 ಟೈಲ್ಸ್. ಇನ್ನೊಂದು ದಾರಿಯಲ್ಲೂ ನೋಡಿ. ಉದ್ದಕ್ಕೆ 300 ಭಾಗಿಸು 30, ಹತ್ತು ಟೈಲ್ಸ್. ಅಗಲಕ್ಕೆ 240 ಭಾಗಿಸು 30, ಎಂಟು. ಹತ್ತೆಂಟ್ಲಿ ಎಂಬತ್ತು.

ಈಗ ನನಗೆ ತುಂಬಾ ಇಷ್ಟವಾದ ಲೆಕ್ಕ. ಹೂತೋಟ 12 ಮೀಟರ್ ಉದ್ದ, 8 ಮೀಟರ್ ಅಗಲ. ಸುತ್ತಲೂ ಹೊರಗಡೆ 1 ಮೀಟರ್ ಅಗಲದ ಕಾಲುದಾರಿ. ದಾರಿಯ ವಿಸ್ತೀರ್ಣ ಎಷ್ಟು?

ಅಕ್ಕನ ಮಗಳು ಬರೆದದ್ದು ಹೀಗೆ. 13 ಗುಣಿಸು 9, 117. ಅದರಲ್ಲಿ ತೋಟದ 96 ಕಳೆದಳು. ಉತ್ತರ 21. ನಾನು ತಪ್ಪು ಅನ್ನಲಿಲ್ಲ. ಚೌಕುಳಿ ನೋಟ್‌ಬುಕ್ ಕೊಟ್ಟೆ. ಒಂದು ಚೌಕ ಒಂದು ಮೀಟರ್ ಅಂದುಕೊಂಡು ತೋಟ ಬರೆದಳು, ಸುತ್ತ ದಾರಿಗೆ ಬಣ್ಣ ಹಚ್ಚಿದಳು. ಹಚ್ಚುತ್ತಾ ಇದ್ದವಳು ನಿಲ್ಲಿಸಿ, "ಅಯ್ಯೋ, ಎಡಗಡೆನೂ ಇದೆ, ಬಲಗಡೆನೂ ಇದೆ" ಅಂದಳು. ಅಷ್ಟೇ. ಎರಡು ಕಡೆಯೂ ದಾರಿ ಇರುವುದರಿಂದ ಉದ್ದಕ್ಕೆ 2, ಅಗಲಕ್ಕೆ 2 ಸೇರುತ್ತದೆ. 14 ಗುಣಿಸು 10, 140. ಅದರಲ್ಲಿ 96 ಕಳೆದರೆ 44 ಚದರ ಮೀಟರ್. ಬಣ್ಣದ ಚೌಕ ಎಣಿಸಿದಳು. 44 ಇತ್ತು.

ಇದೇ ಲೆಕ್ಕಕ್ಕೆ 40 ಅಂತ ಉತ್ತರ ಕೊಡುವ ಮಕ್ಕಳೂ ಇರುತ್ತಾರೆ. ತೋಟದ ಸುತ್ತಳತೆ 40 ಮೀಟರ್, ದಾರಿಯ ಅಗಲ 1 ಮೀಟರ್, ಗುಣಿಸಿದರೆ 40. ಇದು ಒಳ್ಳೆಯ ಯೋಚನೆ. ಆ ಮಗುವಿಗೆ ನಾನು ಅರ್ಧಕ್ಕಿಂತ ಜಾಸ್ತಿ ಅಂಕ ಕೊಡುತ್ತೇನೆ. ಬಿಟ್ಟುಹೋಗಿದ್ದು ನಾಲ್ಕು ಮೂಲೆ ಮಾತ್ರ. ತೋಟದ ಬಾಹುಗಳಿಗೆ ತಾಗಿದ ಪಟ್ಟಿಗಳು 12, 12, 8, 8, ಸೇರಿ 40. ಮೂಲೆಯಲ್ಲಿ ತಲಾ ಒಂದು ಚೌಕ, ಸೇರಿ 4. ಒಟ್ಟು 44.

ಕೊನೆಯ ಪ್ರಶ್ನೆಯಲ್ಲಿ ದಾರಿಯನ್ನು ತೋಟದ ಒಳಗೆ ಹಾಕಿದ್ದೇನೆ. ಅದೇ 12ಕ್ಕೆ 8, ಅದೇ 1 ಮೀಟರ್. ಈಗ ಒಳಗೆ ಉಳಿಯುವುದು 10ಕ್ಕೆ 6, ಅಂದರೆ 60. 96ರಲ್ಲಿ 60 ಕಳೆದರೆ 36. ಇದನ್ನು ಮಾಡಿ ಮುಗಿಸಿದ ಮೇಲೆ ಅವಳು ಎರಡೂ ಉತ್ತರವನ್ನು ಪಕ್ಕಪಕ್ಕ ಬರೆದುಕೊಂಡು ತುಂಬಾ ಹೊತ್ತು ನೋಡಿದಳು. 44 ಮತ್ತು 36. ಮಧ್ಯೆ 40.

"ಚಿಕ್ಕಮ್ಮ, ಹೊರಗಡೆ ಮೂಲೆ ಬಿಟ್ಟುಹೋಗುತ್ತೆ, ಅದಕ್ಕೆ ನಾಲ್ಕು ಕೂಡಿಸ್ಬೇಕು. ಒಳಗಡೆ ಮೂಲೆ ಎರಡೆರಡು ಸಲ ಲೆಕ್ಕ ಆಗುತ್ತೆ, ಅದಕ್ಕೆ ನಾಲ್ಕು ಕಳೀಬೇಕು."

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಉತ್ತರದ ಹಾಳೆಯಲ್ಲಿ ಆ ಸಾಲನ್ನು ಅವಳ ಮಾತಿನಲ್ಲೇ ಬರೆದಿದ್ದೇನೆ.

ನಿಮ್ಮ ಮನೆಯ ಮಕ್ಕಳಿಗೂ ಒಂದು ಲೆಕ್ಕ ಬಿಟ್ಟು ಹೋಗುತ್ತೇನೆ. ತೋಟ 15 ಮೀಟರ್ ಉದ್ದ, 9 ಮೀಟರ್ ಅಗಲ. ಹೊರಗಡೆ ದಾರಿ, ಈ ಸಲ ಒಂದೂವರೆ ಮೀಟರ್ ಅಗಲ. ಇಲ್ಲಿ ವಿಡಿಯೋ ನಿಲ್ಲಿಸಿ, ಮಾಡಿ ನೋಡಲಿ. ಹೊರಗಿನ ಆಯತ 18ಕ್ಕೆ 12, ಅಂದರೆ 216. ತೋಟ 135. ದಾರಿ 81 ಚದರ ಮೀಟರ್. ಮೂಲೆಗಳ ದಾರಿಯಲ್ಲಿ ಬಂದರೂ ಅದೇ ಸಿಗಬೇಕು. ಸುತ್ತಳತೆ 48 ಗುಣಿಸು 1.5, 72. ಒಂದು ಮೂಲೆ 1.5 ಗುಣಿಸು 1.5, ಅಂದರೆ 2.25, ನಾಲ್ಕು ಸೇರಿ 9. 72ಕ್ಕೆ 9 ಕೂಡಿಸಿ ನೋಡಿ.