ತಿಂಗಳ ಹಣ ಮತ್ತು ತಿಂಗಳಿಗೊಮ್ಮೆ ಬಾರದ ಖರ್ಚು

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಯಿಂದ ದೂರವಿದ್ದು ಓದುತ್ತಿರುವ, ತಿಂಗಳಿಗೊಮ್ಮೆ ಬರುವ ಗೊತ್ತಾದ ಮೊತ್ತದಲ್ಲೇ ಎಲ್ಲವನ್ನೂ ತೂಗಿಸಬೇಕಾದ ವಿದ್ಯಾರ್ಥಿಗಳೊಂದಿಗೆ ಇಂದು ಮಾತನಾಡಬೇಕಾಗಿದೆ.

ಹಣ ಸಾಲದೆ ಹೋದಾಗ ನಾವು ಮೊದಲು ದೂರುವುದು ಸಣ್ಣಪುಟ್ಟ ದಿನದ ಖರ್ಚನ್ನು. ಅದರಲ್ಲಿ ನಿಜವಿಲ್ಲವೆಂದಲ್ಲ. ಆದರೆ ವಿದ್ಯಾರ್ಥಿಯ ಲೆಕ್ಕವನ್ನು ಹೆಚ್ಚಾಗಿ ಬುಡಮೇಲು ಮಾಡುವುದು ಬೇರೆಯದೇ ಖರ್ಚು: ಪರೀಕ್ಷಾ ಶುಲ್ಕ, ಪುಸ್ತಕ, ರಜೆಗೆ ಊರಿಗೆ ಹೋಗಿಬರುವ ಪ್ರಯಾಣ, ಔಷಧಿ. ಇವು ಪ್ರತಿ ತಿಂಗಳೂ ಬರುವುದಿಲ್ಲ, ಹಾಗಾಗಿ ತಿಂಗಳ ಲೆಕ್ಕದೊಳಗೆ ಸೇರುವುದೂ ಇಲ್ಲ. ಬಂದಾಗ ಮಾತ್ರ ಒಂದೇ ಸಲಕ್ಕೆ ದೊಡ್ಡದಾಗಿ ಬರುತ್ತವೆ. ನಾವು ಅವನ್ನು ಅನಿರೀಕ್ಷಿತ ಎನ್ನುತ್ತೇವೆ. ಆದರೆ ಪರೀಕ್ಷೆ ಯಾವ ತಿಂಗಳಲ್ಲಿ ಎಂಬುದು ವರ್ಷದ ಆರಂಭದಲ್ಲೇ ಹೆಚ್ಚುಕಡಿಮೆ ತಿಳಿದಿರುತ್ತದೆ!

ಒಂದು ಉದಾಹರಣೆಯನ್ನು ಕೊನೆಯವರೆಗೂ ಲೆಕ್ಕ ಹಾಕೋಣ. ನಿಮಗೆ ಬರುವ ತಿಂಗಳ ಹಣವನ್ನು 100 ಭಾಗ ಎಂದುಕೊಳ್ಳಿ. ಬಾಡಿಗೆ, ಊಟ, ಮೊಬೈಲ್, ಓಡಾಟ ಸೇರಿ 58 ಭಾಗ ಹೋಗುತ್ತದೆ. ಇನ್ನು ಒಂದು ಹಾಳೆಯ ಮೇಲೆ ಮುಂದಿನ ಆರು ತಿಂಗಳನ್ನು ಬರೆದು, ಯಾವ ತಿಂಗಳಲ್ಲಿ ಯಾವ ದೊಡ್ಡ ಖರ್ಚು ಬೀಳುತ್ತದೆ ಎಂದು ಗುರುತಿಸಿ. ಮೊದಲ ತಿಂಗಳು ಪುಸ್ತಕಕ್ಕೆ 18, ಮೂರನೆಯ ತಿಂಗಳು ಊರಿನ ಪ್ರಯಾಣಕ್ಕೆ 10, ಐದನೆಯ ತಿಂಗಳು ಪರೀಕ್ಷಾ ಶುಲ್ಕಕ್ಕೆ 24, ಆರನೆಯ ತಿಂಗಳು ಮತ್ತೆ ಪ್ರಯಾಣಕ್ಕೆ 10, ಔಷಧಿ ಮತ್ತು ಬಟ್ಟೆಗೆಂದು 10. ಒಟ್ಟು 72. ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ 12. ಹಣ ಕೈಸೇರಿದ ದಿನವೇ ಈ 12 ಭಾಗವನ್ನು ಬೇರೆ ಖಾತೆಗೆ ಹಾಕಿಬಿಡಬೇಕು. ತಿಂಗಳ ಕೊನೆಗೆ ಉಳಿದದ್ದನ್ನು ಇಡುತ್ತೇನೆ ಎಂದರೆ ಇಡಲು ಸಾಮಾನ್ಯವಾಗಿ ಏನೂ ಉಳಿದಿರುವುದಿಲ್ಲ. ಈಗ ಕೈಯಲ್ಲಿರುವುದು 30 ಭಾಗ, ಅಂದರೆ ದಿನಕ್ಕೆ ಒಂದು.

ಇಲ್ಲೊಂದು ತೊಡಕಿದೆ, ಸರಾಸರಿಯನ್ನಷ್ಟೇ ನಂಬಿದವರು ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಮೊದಲ ತಿಂಗಳು ನೀವು ತೆಗೆದಿಟ್ಟದ್ದು 12, ಪುಸ್ತಕಕ್ಕೆ ಬೇಕಾದದ್ದು 18. ಆರು ತಿಂಗಳ ಲೆಕ್ಕ ಸರಿಯಿದ್ದರೂ ಮೊದಲ ತಿಂಗಳೇ 6 ಭಾಗ ಕೊರತೆ. ಆದ್ದರಿಂದ ಮೊದಲ ತಿಂಗಳು 18 ತೆಗೆದಿಟ್ಟು, ದಿನದ ಖರ್ಚನ್ನು 24 ಭಾಗಕ್ಕೆ ಇಳಿಸಬೇಕು. ಮುಂದಿನ ಐದು ತಿಂಗಳು 11 ಭಾಗದಂತೆ ಇಟ್ಟರೆ ಸಾಕು. ಬಿಗಿಯಾದ ತಿಂಗಳು ಯಾವುದೆಂದು ಮೊದಲೇ ತಿಳಿದಿದ್ದರೆ, ಪುಸ್ತಕಗಳಲ್ಲಿ ಕೆಲವನ್ನು ಗ್ರಂಥಾಲಯದಿಂದ ತರುವುದೋ ಹಿರಿಯ ವಿದ್ಯಾರ್ಥಿಗಳಿಂದ ಕೊಳ್ಳುವುದೋ ಎಂದು ಯೋಚಿಸಲು ಸಮಯವೂ ಸಿಗುತ್ತದೆ.

ದಿನದ ಖರ್ಚಿನ ವಿಷಯಕ್ಕೆ ಬಂದರೆ, ಪ್ರತಿಯೊಂದು ಬಿಡಿಕಾಸನ್ನೂ ಬರೆದಿಡಿ ಎಂದು ನಾನು ಹೇಳುವುದಿಲ್ಲ. ಹೆಚ್ಚಿನವರು ಅದನ್ನು ಕೆಲವು ದಿನಗಳಲ್ಲೇ ಬಿಟ್ಟುಬಿಡುತ್ತಾರೆ. ವಾರಕ್ಕೊಮ್ಮೆ ಒಂದೇ ಭಾಗಾಕಾರ ಮಾಡಿ: ಉಳಿದ ಹಣವನ್ನು, ಮುಂದಿನ ಹಣ ಬರುವವರೆಗಿನ ದಿನಗಳಿಂದ ಭಾಗಿಸಿ. ಹನ್ನೆರಡು ದಿನ ಕಳೆದಾಗ 14 ಭಾಗ ಉಳಿದಿದೆ, ಇನ್ನೂ 18 ದಿನ ಇವೆ ಎಂದುಕೊಳ್ಳಿ. ದಿನಕ್ಕೆ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು ಬರುತ್ತದೆ. ಮುಂದಿನ ವಾರಕ್ಕೆ ಏಳರ ಬದಲು ಐದೂವರೆಯಲ್ಲಿ ನಿಭಾಯಿಸಬೇಕು ಎಂದು ಅದರಿಂದ ತಿಳಿಯುತ್ತದೆ. ಇದು ಕಷ್ಟವೇ, ಆದರೆ ಸಾಧ್ಯ. ಇದೇ ಕೊರತೆ ಇಪ್ಪತ್ತೈದನೆಯ ದಿನ ಗೊತ್ತಾದರೆ ಕೈಗಡವೊಂದೇ ದಾರಿ. ಇನ್ನು ಮನೆಯ ಹಣ ಆಗಾಗ ಮೂರು ದಿನ ತಡವಾಗುವುದಿದ್ದರೆ, ತಿಂಗಳಿಗೆ 33 ದಿನ ಎಂದೇ ಲೆಕ್ಕ ಹಾಕಿ.

ಕೈಗಡದ ಬಗ್ಗೆ ನನಗೆ ನಿಜವಾದ ಆತಂಕವಿದೆ. ಗೆಳೆಯನಿಂದ ತಂದ 8 ಭಾಗವನ್ನು ಮುಂದಿನ ತಿಂಗಳ ಮೊದಲ ದಿನ ಹಿಂದಿರುಗಿಸುತ್ತೀರಿ. ಆಗ ಆ ತಿಂಗಳ ದಿನದ ಖರ್ಚಿಗೆ 30ರ ಬದಲು 22 ಉಳಿಯುತ್ತದೆ. 30ರಲ್ಲೇ ಸಾಲದವರಿಗೆ 22 ಸಾಲುವುದಾದರೂ ಹೇಗೆ? ಈ ಬಾರಿಯ ಕೈಗಡ ಇನ್ನೂ ದೊಡ್ಡದಾಗುತ್ತದೆ. ಪ್ರತಿ ತಿಂಗಳೂ ಹಣ ಬಂದ ದಿನವೇ ಯಾರಿಗಾದರೂ ಹಿಂದಿರುಗಿಸುತ್ತಿದ್ದೀರಾದರೆ, ನೀವು ಈ ಸುಳಿಯಲ್ಲಿದ್ದೀರಿ ಎಂದೇ ಅರ್ಥ. ಒಂದೇ ತಿಂಗಳಲ್ಲಿ ಅದನ್ನು ತೀರಿಸಲು ಹೋಗಬೇಡಿ. ಗೆಳೆಯನಿಗೆ ವಿಷಯ ಹೇಳಿ, ತಿಂಗಳಿಗೆ 2 ಭಾಗದಂತೆ ನಾಲ್ಕು ತಿಂಗಳಲ್ಲಿ ತೀರಿಸಿ. ಮೊಬೈಲ್ ಕಂತು ಇದ್ದರೆ ಅದೂ ಸಾಲವೇ. ಅದನ್ನು ಬಾಡಿಗೆಯ ಸಾಲಿನಲ್ಲಿ ಬರೆಯಬೇಕು.

ಇಷ್ಟೆಲ್ಲ ಮಾಡಿಯೂ ಕೂಡಿ ಬರದ ಸ್ಥಿತಿ ಉಂಟು. ಬಾಡಿಗೆ ಮತ್ತು ಊಟಕ್ಕೇ 85 ಭಾಗ ಹೋಗಿ, ತೆಗೆದಿಡಬೇಕಾದದ್ದು 12 ಆಗಿದ್ದರೆ, ಉಳಿಯುವ ಮೂರು ಭಾಗದಲ್ಲಿ ಯಾರೂ ತಿಂಗಳು ಕಳೆಯಲಾರರು. ಅದು ನಿಮ್ಮ ಶಿಸ್ತಿನ ಕೊರತೆಯಲ್ಲ, ಹಣದ್ದೇ ಕೊರತೆ. ಆಗ ಆರು ತಿಂಗಳ ಆ ಹಾಳೆಯನ್ನೇ ಅಪ್ಪ ಅಮ್ಮನ ಮುಂದಿಡಿ. ಹಣ ಸಾಲದು ಎಂದಷ್ಟೇ ಹೇಳಿದರೆ ಅವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಐದನೆಯ ತಿಂಗಳ ಪರೀಕ್ಷಾ ಶುಲ್ಕವನ್ನು ಮಾತ್ರ ಬೇರೆಯಾಗಿ ಕಳುಹಿಸಲು ಸಾಧ್ಯವೇ ಎಂದು ಕೇಳಿದರೆ, ಅವರೂ ನಾಲ್ಕು ತಿಂಗಳ ಮೊದಲೇ ಅದಕ್ಕೆ ದಾರಿ ಹುಡುಕಬಹುದು. ಅಷ್ಟರಿಂದಲೇ ನಿಮ್ಮ ತಿಂಗಳಿಗೆ ನಾಲ್ಕು ಭಾಗ ಬಿಡುವಾಗುತ್ತದೆ. ಕಾಲೇಜಿನಲ್ಲಿ ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಅವಕಾಶವಿದೆಯೇ, ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವುದು ಎಂಬುದನ್ನೂ ಅದೇ ವಾರ ಕಚೇರಿಯಲ್ಲಿ ವಿಚಾರಿಸಿ ಬನ್ನಿ. ನಮಸ್ಕಾರ.